ಹಾರ ಹಾಕಿಸಿಕೊಂಡ ಮಶೀನು

ಭಾಲ್ಕಿ ಸ್ಟೇಷನ್ನಿನಲ್ಲಿ ಇಳಿದಾಗ ಆಡಿಟರ್ ನಾಗಸೇನನ ಚೀಲದಲ್ಲಿ ವಿಮಾ ಕಂಪನಿಯ ಪತ್ರವಿತ್ತು. ಬೀದರಿನ ಗಾಂಧಿ ಗಂಜಿನಲ್ಲಿ, ಅಡತಿ ಅಂಗಡಿಯೊಂದರ ಮೇಲಿನ ತನ್ನ ಆಫೀಸಿನಲ್ಲಿ ಅದನ್ನು ಓದಿ ಮುಗಿಸಿದಾಗಲೇ ಅವನ ಹಸಿವು ಹೋಗಿತ್ತು. ಭಾಲ್ಕಿಗೆ ಹೋಗುವ ದಿನ ಅವನು ಡಬ್ಬಿ ಕಟ್ಟಿಕೊಳ್ಳುತ್ತಿರಲಿಲ್ಲ. ಅಲ್ಲಿಯ ಕಂಪನಿಯ ಮಾಲೀಕ ಶ್ರೀಪಾದರಾಯರೇ ತರುತ್ತಿದ್ದರು. ಹೆಂಡತಿ ನಲಿನಿ ತೀರಿಕೊಂಡ ಮೇಲೂ ಅವರು ಎರಡು ಡಬ್ಬಿ ತರುವುದನ್ನು ಬಿಟ್ಟಿರಲಿಲ್ಲ. ಆಡಿಟ್ ಇದ್ದ ದಿನ ಎರಡನೆಯದು ನಾಗಸೇನನಿಗೆ. ಉಳಿದ ದಿನ ಅದನ್ನು ಯಾರು ತಿನ್ನುತ್ತಾರೆಂದು ಅವನು ಕೇಳಿರಲಿಲ್ಲ. ತನ್ನ ತಾಯಿ ಸುಭದ್ರಾಬಾಯಿ ಹೋದ ಮೇಲೆ ಅವನಿಗೆ ಎದುರು ಕೂತು ಇನ್ನೊಂದು ರೊಟ್ಟಿ ಹಾಕುವವರು ಶ್ರೀಪಾದರಾಯರೊಬ್ಬರೇ ಆಗಿದ್ದರು.

ಶ್ರೀಪಾದರಾಯರದು ಬೀಜ ಮತ್ತು ಬೇಳೆಯ ಸಣ್ಣ ಪ್ರೈವೇಟ್ ಕಂಪನಿ. ಅದರ ದೊಡ್ಡ ಆಸ್ತಿಯೆಂದರೆ ಟ್ರೇಲರ್ ಮೇಲೆ ಕೂರಿಸಿದ, ಬೀಜ ಗ್ರೇಡಿಂಗ್ ಮಾಡುವ ಒಂದು ಮಶೀನು. ಊರಿಂದೂರಿಗೆ ಹೋಗಿ ಸೋಯಾ, ತೊಗರಿ ಬೀಜಗಳನ್ನು ಸ್ವಚ್ಛ ಮಾಡಿ ಕೊಡುತ್ತಿತ್ತು. ಕಳೆದ ಸೆಪ್ಟೆಂಬರಿನಲ್ಲಿ ಔರಾದ ಕಡೆ, ನದಿ ದಂಡೆಯ ಒಂದು ಕಣದಲ್ಲಿ ಅದನ್ನು ನಿಲ್ಲಿಸಿದ್ದರು. ಮಾಂಜ್ರಾ ಏರಿ ಬಂದು ಕಣವನ್ನೇ ಎತ್ತಿಕೊಂಡು ಹೋಯಿತು. ನೀರು ಇಳಿದ ಮೇಲೆ ಜಾಲಿ ಗಿಡದಲ್ಲಿ ಸಿಕ್ಕಿಕೊಂಡ ಒಂದು ಟೈರು ಮಾತ್ರ ಸಿಕ್ಕಿತು. ಸರ್ವೇಯರ್ ಬಂದು ಫೋಟೋ ತೆಗೆದುಕೊಂಡು ಹೋದ. ಮಾರ್ಚ್ ಮುಗಿಯಿತು, ಕ್ಲೇಮು ಬರಲಿಲ್ಲ. ಈಗ ಜೂನ್. ಲೆಕ್ಕಪತ್ರಕ್ಕೆ ಸಹಿ ಆಗಬೇಕು. ಬಿತ್ತನೆಯ ಸಮಯಕ್ಕೆ ಬ್ಯಾಂಕಿನವರು ಆ ಸಹಿ ನೋಡಿಯೇ ಸಾಲದ ಮಿತಿ ಮುಂದುವರಿಸುವುದು.

"ಬರ್ರಿ ಸಾಹೇಬ್ರ," ಎಂದರು ಶ್ರೀಪಾದರಾಯರು. "ಮುಖ ಯಾಕ ಹಿಂಗ? ಗಾಡಿದಾಗ ಸೀಟ ಸಿಗಲಿಲ್ಲೇನ್ರಿ?"

ಅವರ ಮೇಜಿನ ಮೇಲೆ ಕರಡು ಲೆಕ್ಕಪತ್ರ ಸಿದ್ಧವಿತ್ತು. ಹೋದ ಮಶೀನಿನ ಜಾಗದಲ್ಲಿ ವಿಮೆಯ ಪೂರ್ತಿ ಮೊತ್ತ, 'ಬರಬೇಕಾದ ಹಣ' ಎಂದು ಕೂತಿತ್ತು. ಮಶೀನಿಗೆ ಪ್ರತಿ ವರ್ಷ ಸವಕಳಿ ಕಳೆದು ಕಳೆದು ಪುಸ್ತಕದಲ್ಲಿ ಉಳಿದ ಬೆಲೆ ಕಡಿಮೆ, ವಿಮೆ ಮಾಡಿಸಿದ್ದು ಹೆಚ್ಚಿಗೆ. ಹೀಗಾಗಿ ಲಾಭದ ಸಾಲು ಹೋದ ವರ್ಷಕ್ಕಿಂತ ದಪ್ಪವಾಗಿತ್ತು.

"ಹೊಳಿ ಬಂದು ಲಾಭ ಮಾಡ್ಕೊಂಡ ಮೊದಲ ಮಂದಿ ನೀವ ನೋಡ್ರಿ," ನಾಗಸೇನ ನಗಿಸಲು ನೋಡಿದ.

"ಹೊಳಿ ಕೊಟ್ಟಿದ್ದಲ್ರಿ, ಪ್ರೀಮಿಯಮ್ ತುಂಬಿದ್ದು. ತಪ್ಪದೆ ತುಂಬೇನಿ. ಬರೋದೇ ಅದ."

"ಬರ್ತದೋ ಇಲ್ಲೋ ಅವರು ಹೇಳಬೇಕ್ರಿ. ಬರೋದು ಖಾತ್ರಿ ಆದಂಗ ಆಗೋ ತನಕ ಅದು ಆದಾಯ ಅಲ್ಲ. ಮಶೀನ್ ಹೋಗಿದ್ದು ಸೆಪ್ಟೆಂಬರ್‌ದಾಗ, ಅದರ ಉಳಿದ ಬೆಲಿ ಈ ವರ್ಷದ ಲುಕ್ಸಾನ. ಕ್ಲೇಮ್ ಬಂದ ವರ್ಷ ಅದು ಆ ವರ್ಷದ್ದು."

"ಅಂದ್ರ ಒಂದು ಕೈಲೆ ಕಳೀತೀರಿ, ಇನ್ನೊಂದು ಕೈ ಮುಂದಿನ ವರ್ಷಕ್ಕ ಇಟಗೋತೀರಿ. ಬ್ಯಾಂಕಿನವಗ ನನ್ನ ಒಂದ ಕೈ ಕಾಣಸ್ತದ."

ನಾಗಸೇನ ಪತ್ರ ತೆಗೆದು ಮೇಜಿನ ಮೇಲಿಟ್ಟ. ಕ್ಲೇಮಿನ ಸ್ಥಿತಿ ತಿಳಿಸಿ ಎಂದು, ಶ್ರೀಪಾದರಾಯರ ಒಪ್ಪಿಗೆ ಪಡೆದು, ಅವನೇ ವಿಮಾ ಕಂಪನಿಗೆ ಬರೆದಿದ್ದ. ಉತ್ತರ ಎರಡೇ ಸಾಲಿನದು: ನಿರ್ಧಾರ ಆಗಿಲ್ಲ, ಮಶೀನು ನಿಜವಾಗಿ ಕಳೆದಿದೆಯೇ ಎಂಬ ಬಗ್ಗೆ ಪ್ರಶ್ನೆ ಇದೆ. ಹಿಂದೆ ಒಂದು ಫೋಟೋ ಹಚ್ಚಿದ್ದರು.

ಫೋಟೋದಲ್ಲಿ ಇದೇ ಅಂಗಳ. ಹೊಳೆ ಬಂದು ಹೋದ ಮೇಲಿನ ಖಂಡೇನವಮಿಯ ಆಯುಧಪೂಜೆ. ಕುಂಕುಮ ಬಳಿದು, ಚೆಂಡುಹೂವಿನ ಹಾರ ಹಾಕಿದ ಒಂದು ಗ್ರೇಡಿಂಗ್ ಮಶೀನು. ಹಾರದ ನಡುವೆ ಹಿತ್ತಾಳೆಯ ತಗಡು, ಅದರ ಮೇಲೆ ನಂಬರು. ಹೊಳೆಯಲ್ಲಿ ಹೋದ ಮಶೀನಿನದೇ ನಂಬರು.

"ಇದು ನಿಮ್ಮ ವಾಟ್ಸಾಪ್ ಸ್ಟೇಟಸ್ ಅಂತ್ರಿ. ಸರ್ವೇಯರ್ ಹತ್ತಿರ ನಿಮ್ಮ ನಂಬರ್ ಇತ್ತಲ್ಲ, ಅಂವ ನೋಡ್ಯಾನ."

ಶ್ರೀಪಾದರಾಯರು ಫೋಟೋವನ್ನು ಬೆಳಕಿಗೆ ಹಿಡಿದರು. ತಮ್ಮದೇ ಫೋಟೋ ನೋಡಿಕೊಳ್ಳುವವರ ಹಾಗಲ್ಲ, ಯಾರೋ ಪರಿಚಯದವರನ್ನು ಹುಡುಕುವವರ ಹಾಗೆ.

"ಇದು ಲಾಲ ಅಹ್ಮದನ ಮಶೀನ್ರಿ. ಔರಾದದಿಂದ ಬಾಡಿಗಿ ತಂದಿದ್ದೆ. ಸೀಜನ್ ಅರ್ಧಕ್ಕ ನಿಂತಿತ್ತು."

"ಮತ್ತ ನಿಮ್ಮ ತಗಡು ಅದರ ಮ್ಯಾಲ ಹ್ಯಾಂಗ ಬಂತ್ರಿ?"

ಅವರು ಡ್ರಾಯರ್ ಎಳೆದು ತಗಡು ತೆಗೆದರು. ಒಂದು ಮೂಲೆ ಮುರಿದಿತ್ತು, ಕುಂಕುಮ ಇನ್ನೂ ಅಂಕಿಗಳ ಸಂದಿಯಲ್ಲಿತ್ತು.

"ಹೊಳಿ ಬರೋ ಮೊದಲಿನ ಬ್ಯಾಸಿಗ್ಯಾಗ ಕಿತ್ತು ಬಿದ್ದಿತ್ತು. ಕೂರಸೋಣ ಅಂತ ಇಟ್ಟೆ, ಮರ್ತೆ. ಅದೊಂದೇ ಉಳೀತು. ಪೂಜಿಗಿ ಕೂತಾಗ ನೋಡ್ರಿ, ಊರ ಮಂದಿ ಮಶೀನಿಗೆಲ್ಲ ಹಾರ, ನಮ್ಮದಕ್ಕಿಲ್ಲ. ನಲಿನಿ ಇದ್ದಾಗ ಪ್ರತಿ ನವಮಿಗಿ ಅಕಿನೇ ಈ ತಗಡಿಗಿ ಕುಂಕುಮ ಹಚ್ಚತಿದ್ದಳು. ಅವತ್ತ ಸುತ್ತ ಯಾರೂ ಇರಲಿಲ್ಲ. ಬಾಡಿಗಿದಕ್ಕ ಪೂಜಾ ಮಾಡಿ ನಮ್ಮದನ್ನ ಬಿಡೋದು ಸರಿ ಕಾಣಲಿಲ್ಲ. ಹಾರದಾಗ ಸಿಗಸಿದೆ." ತಗಡನ್ನು ಮೇಜಿನ ಮೇಲಿಟ್ಟು ಸೇರಿಸಿದರು: "ಸ್ಟೇಟಸ್ ಹಾಕಿದ್ದು ಪುಣೆದಾಗ ಇರೋ ನನ್ನ ತಮ್ಮ ಸಾರಂಗ ನೋಡಲಿ ಅಂತ. ಅವಗ ಫೋನ್ ಮಾಡಾಕ ಟೈಮ್ ಇರಂಗಿಲ್ಲ, ಸ್ಟೇಟಸ್ ನೋಡ್ತಾನ."

"ಅವರು ನೋಡಿದ್ರೇನ್ರಿ?"

"ನೋಡಿರಬೇಕು. ಸರ್ವೇಯರ್ ಅಂತೂ ನೋಡಿದ."

ನಾಗಸೇನನಿಗೆ ನಗಲಾಗಲಿಲ್ಲ. ಈ ತಪ್ಪನ್ನು ಯಾವ ಕಳ್ಳನೂ ಮಾಡುವುದಿಲ್ಲ ಎಂದು ಅವನಿಗೆ ಗೊತ್ತಿತ್ತು. ಆದರೆ ಆಡಿಟರ್ ಆಗಿ ತನಗೆ ಗೊತ್ತಿರುವುದನ್ನು ಬರೆಯುವಂತಿಲ್ಲ. ಕಾಗದ ಹೇಳುವುದನ್ನು ಬರೆಯಬೇಕು.

"ಲಾಲ ಅಹ್ಮದನ ಕಡೆಯಿಂದ ಬಾಡಿಗಿ ಕಾಗದ ತರಸ್ರಿ. ಅವನ ಮಶೀನಿನ ಒಳಗ ಅದರದೇ ನಂಬರ್ ಇರ್ತದ, ಸರ್ವೇಯರ್‌ನ್ನ ಕರ್ಕೊಂಡು ಹೋಗಿ ತೋರಸ್ರಿ. ಈ ತಗಡು ಕಳಕೋಬ್ಯಾಡ್ರಿ. ಕ್ಲೇಮ್ ಬರಬಹುದು."

"ಬರಬಹುದು ಅಂತ ಬರೀರಲ್ಲ."

"ಬರೀಬಹುದು. ಆದ್ರ ಲೆಕ್ಕದಾಗ ಅಲ್ಲ. ನಿಮ್ಮ ಡೈರೆಕ್ಟರ್ ವರದಿದಾಗ ಒಂದು ಪ್ಯಾರಾ ನೀವೇ ಬರೀರಿ: ಕ್ಲೇಮ್ ಹಾಕೇವಿ, ನಿರ್ಧಾರ ಆಗಿಲ್ಲ. ಬ್ಯಾಂಕಿಗಿ ಆ ಪ್ಯಾರಾನೂ ತೋರಸ್ರಿ."

"ಪ್ಯಾರಾಕ್ಕ ಸಾಲ ಕೊಡ್ತಾರೇನ್ರಿ?"

ಹೊರಗೆ ತಗಡಿನ ಶೆಡ್ಡು ಬಿಸಿಲಿಗೆ ಟಕಟಕ ಎನ್ನುತ್ತಿತ್ತು. ನಾಗಸೇನ ಒಪ್ಪಿಬಿಡಬಹುದಿತ್ತು. ಕರಡಿನ ಒಂದು ಸಾಲನ್ನು ಇದ್ದ ಹಾಗೇ ಬಿಟ್ಟರೆ ಸಾಕಿತ್ತು. ಎರಡನೆಯ ಡಬ್ಬಿ, ಪರವಾಗಿಲ್ಲ ಇನ್ನೊಂದು ತಿನ್ರಿ ಎನ್ನುವ ಮಾತು, ಮುಂದಿನ ವರ್ಷದ ಜೂನೂ ಅವನದಾಗಿ ಉಳಿಯುತ್ತಿದ್ದವು. ಅವನು ಪೆನ್ನು ತೆಗೆದು ಕರಡಿನ ಆ ಸಾಲಿಗೆ ಅಡ್ಡಗೆರೆ ಎಳೆದ. ಲಾಭ ಹೋಗಿ ನಷ್ಟ ಬಂತು.

ಶ್ರೀಪಾದರಾಯರು ಗೆರೆಯ ಮೇಲೆ ಬೆರಳಾಡಿಸಿದರು.

"ಹೊಳಿ ಒಮ್ಮೆ ಒಯ್ತು. ನೀವು ಈಗ ಒಯ್ದ್ರಿ," ಎಂದರು. ದನಿಯಲ್ಲಿ ಸಿಟ್ಟಿರಲಿಲ್ಲ, ನಾಗಸೇನನಿಗೆ ಅದೇ ಕಷ್ಟವಾಯಿತು. "ತಿದ್ದಿದ ಪ್ರತಿ ಕಳಸ್ರಿ. ಸಹಿ ಮಾಡ್ತೇನಿ."

ಊಟದ ಹೊತ್ತಾಗಿತ್ತು. ಎರಡೂ ಡಬ್ಬಿಗಳು ಕಿಟಕಿಯಲ್ಲಿದ್ದವು. ಅವರು ಒಂದನ್ನು ಮುಂದಕ್ಕೆಳೆದುಕೊಂಡು ಮುಚ್ಚಳ ತೆಗೆದರು. ಇನ್ನೊಂದನ್ನು ಮುಟ್ಟಲಿಲ್ಲ, ತಿನ್ರಿ ಎನ್ನಲೂ ಇಲ್ಲ. ನಾಗಸೇನ ಕಾಗದಗಳನ್ನು ಹೊಂದಿಸಿಕೊಳ್ಳಲು ಬೇಕಾದದ್ದಕ್ಕಿಂತ ಹೆಚ್ಚು ಹೊತ್ತು ತೆಗೆದುಕೊಂಡ. ಕೊನೆಗೆ, "ಬರ್ತೇನ್ರಿ," ಎಂದ.

"ಹೂಂ," ಎಂದರು ಶ್ರೀಪಾದರಾಯರು, ರೊಟ್ಟಿ ಮುರಿಯುತ್ತ.

ಬೀದರಿನ ಕಡೆಯ ಗಾಡಿ ಹಲಬರ್ಗಾದಲ್ಲಿ ನಿಂತಿತು. ಹಳಿಯ ಆಚೆ ರಸ್ತೆಯಲ್ಲಿ ಒಂದು ಟ್ರ್ಯಾಕ್ಟರ್, ಅದರ ಹಿಂದೆ ತಾಡಪಾಲು ಹೊದಿಸಿದ ಟ್ರೇಲರ್. ಒಳಗಿರುವುದು ಗ್ರೇಡಿಂಗ್ ಮಶೀನೋ ಬೇರೇನೋ ತಿಳಿಯುವಂತಿರಲಿಲ್ಲ. ತಾಡಪಾಲಿನ ಒಂದು ತುದಿ ಗಾಳಿಗೆ ಎದ್ದೆದ್ದು ಬೀಳುತ್ತಿತ್ತು. ನಾಗಸೇನ ಕಿಟಕಿಯ ಸರಳಿಗೆ ಹಣೆ ಒತ್ತಿ, ಅದು ಇನ್ನೊಮ್ಮೆ ಏಳಲಿ, ಒಳಗೆ ತಗಡು ಕಿತ್ತ ಖಾಲಿ ಜಾಗವೊಂದು ಕಾಣಲಿ ಎಂದು ನೋಡುತ್ತಲೇ ಇದ್ದ. ಹೊಳೆ ಒಯ್ದ, ತಾನೂ ಲೆಕ್ಕದಲ್ಲಿ ಗೆರೆ ಎಳೆದು ಬಂದಿದ್ದ ಆ ಮಶೀನಿಗಾಗಿ. ಗಾಡಿ ಚಲಿಸಿತು.