ಪಕ್ಕದ ಕಟ್ಟಡ ಮುಗಿಯುವವರೆಗೆ

ಬಾಡಿಗೆಯಲ್ಲಿ ನೂರು ರೂಪಾಯಿ ಕಡಿಮೆ ಮಾಡಿ ಎಂದು ನಾಗರಾಜು ಕೇಳಿದಾಗ ನೀಲಮ್ಮ "ಯೋಚನೆ ಮಾಡಿ ಹೇಳ್ತೀನಿ ಕಣಪ್ಪ" ಎಂದು ಬಾಗಿಲು ಹಾಕಿಕೊಂಡರು.

ವಿಜಯನಗರದ ಆ ಮನೆಯ ಮಹಡಿಯಲ್ಲಿ ವಿಧವೆ ನೀಲಮ್ಮ ಒಬ್ಬರೇ. ಕೆಳಗೆ ಬಾಡಿಗೆಗೆ ನಾಗರಾಜು ಮತ್ತು ಅವನ ಹೆಂಡತಿ ಹನುಮಕ್ಕ. ನಾನೂರು ರೂಪಾಯಿ ಬಾಡಿಗೆಯಲ್ಲಿ ಬಹುಪಾಲು ಗಂಡ ಮಾಡಿಟ್ಟುಹೋದ ಮನೆ ಸಾಲದ ಕಂತಿಗೆ ಹೋಗುತ್ತಿತ್ತು. ಉಳಿದದ್ದಕ್ಕೆ ಪಿಂಚಣಿ ಸೇರಿಸಿ ತಿಂಗಳು ದೂಡಬೇಕು.

ನಾಗರಾಜು ಕೇಳಿದ್ದು ಸುಮ್ಮನೆ ಅಲ್ಲ. ಪಕ್ಕದ ಸೈಟಿನಲ್ಲಿ ಮನೆ ಏಳಲು ಶುರುವಾಗಿ ವರ್ಷ ದಾಟಿತ್ತು. ಸರ್ಕಾರದಿಂದ ಸಿಮೆಂಟಿನ ಪರ್ಮಿಟ್ ಸಿಕ್ಕಾಗ ಕೆಲಸ, ಸಿಗದಿದ್ದಾಗ ನಿಲುಗಡೆ, ಮತ್ತೆ ಶುರು. ಕಲ್ಲು ಕೆತ್ತುವವರು ಕೂರುತ್ತಿದ್ದದ್ದು ಅವನ ಮಲಗುವ ಕೋಣೆಯ ಗೋಡೆಗೇ ಅಂಟಿಕೊಂಡು. ಅವನಿಗೋ ಮೈಸೂರು ರಸ್ತೆಯ ಕಾರ್ಖಾನೆಯಲ್ಲಿ ರಾತ್ರಿ ಪಾಳಿ. ನಿದ್ದೆ ಏನಿದ್ದರೂ ಹಗಲಿಗೆ.

ಭಾನುವಾರ ಮೈದುನ ಚನ್ನವೀರಪ್ಪ ಬಂದಾಗ ನೀಲಮ್ಮ ವಿಷಯ ತೆಗೆದರು. ಮೈದುನ ಕಾಫಿ ಲೋಟ ಕೆಳಗಿಟ್ಟರು.

"ಇಳಿಸ್ಬೇಡಿ ಅತ್ತಿಗೆ. ಒಂದ್ಸಲ ಇಳಿಸಿದ್ರೆ ಮತ್ತೆ ಏರಲ್ಲ. ನಾಳೆ ರೆಂಟ್ ಕಂಟ್ರೋಲ್ ಕೋರ್ಟಿಗೆ ಹೋಗಿ ಇದೇ ಬಾಡಿಗೆ ಅಂತ ರಸೀದಿ ತೋರಿಸ್ತಾನೆ. ಕಷ್ಟ ಆದ್ರೆ ಅಡ್ವಾನ್ಸ್ ತಗೊಂಡು ಖಾಲಿ ಮಾಡು ಅನ್ನಿ."

ನೀಲಮ್ಮ ತಲೆ ತಗ್ಗಿಸಿದರು. ನಾಗರಾಜು ಕೊಟ್ಟಿದ್ದ ಹತ್ತು ತಿಂಗಳ ಅಡ್ವಾನ್ಸ್ ಎಲ್ಲಿತ್ತು? ಹೋದ ಮಳೆಗಾಲದಲ್ಲಿ ತಾರಸಿ ಸೋರಿದಾಗ ಅದಷ್ಟೂ ರಿಪೇರಿಗೆ ಹೋಗಿತ್ತು. ಮೈದುನನಿಗೆ ಅದನ್ನು ಹೇಳುವ ಧೈರ್ಯವಿರಲಿಲ್ಲ. ನಾಗರಾಜು ಖಾಲಿ ಮಾಡಿದರೆ ಅಷ್ಟು ಹಣ ಎಲ್ಲಿಂದ ತರುವುದು? ಆ ಸದ್ದಿನ ಪಕ್ಕಕ್ಕೆ ಹೊಸಬರು ಯಾರು ಬರುತ್ತಾರೆ? ಇಳಿಸಿದರೆ ಕಂತು ತಪ್ಪುತ್ತದೆ, ಇಳಿಸದಿದ್ದರೆ ಮನೆ ಖಾಲಿ ಬೀಳುತ್ತದೆ. ಒಂದು ವಾರ ಅವರು ಕೆಳಗಿನವರ ಕಣ್ಣು ತಪ್ಪಿಸಿ ಓಡಾಡಿದರು. ಮೆಟ್ಟಿಲ ಮೇಲೆ ಹೆಜ್ಜೆ ಸದ್ದಾದರೆ ಸಾಕು, ಅಡುಗೆಮನೆ ಸೇರುತ್ತಿದ್ದರು.

ಕೊನೆಗೆ ಆಗುವುದಿಲ್ಲ ಎಂದೇ ಹೇಳಿಬಿಡಲು ಗಟ್ಟಿ ಮನಸ್ಸು ಮಾಡಿ ಒಂದು ಬೆಳಿಗ್ಗೆ ಕೆಳಗಿಳಿದರು. ನಾಗರಾಜು ಕಿವಿಗೆ ಹತ್ತಿ ತುರುಕಿಕೊಂಡು ಹಾಸಿಗೆಯ ಮೇಲೆ ಕೂತಿದ್ದ. ಕಣ್ಣು ಕೆಂಡ. ಹೆಬ್ಬೆರಳಿಗೆ ಬಟ್ಟೆ ಸುತ್ತಿತ್ತು. ಗೋಡೆಯಾಚೆ ಉಳಿಯ ಏಟು ತಲೆಯೊಳಗೇ ಬೀಳುವಂತಿತ್ತು. ನೀಲಮ್ಮ ಕೂತರು, ಕೂತ ಸ್ವಲ್ಪ ಹೊತ್ತಿಗೇ ಎದ್ದು ಓಡಬೇಕೆನಿಸಿತು.

"ಬೆರಳಿಗೇನಾಯ್ತು?"

"ಮೆಷಿನ್ ಹತ್ರ ತೂಕಡಿಸ್ಬಿಟ್ಟೆ, ಅಮ್ಮ."

ಹನುಮಕ್ಕ ಸೆರಗಿನಿಂದ ಕಿಟಕಿಯ ಮೇಲಿನ ಧೂಳು ಒರೆಸುತ್ತ ಹೇಳಿದಳು: "ಬೇರೆ ಮನೆ ನೋಡೋಣ ಅಂತ ನಾನೇ ಅಂದೆ. ಇವರೇ ಬೇಡ ಅಂದ್ರು. ಅಮ್ಮ ತಾರಸಿ ಮಾಡಿಸಿದಾರೆ, ಅಡ್ವಾನ್ಸ್ ಕೈಯಲ್ಲಿರಲ್ಲ, ಈಗ ಕೇಳಿದ್ರೆ ಪಾಪ ಒದ್ದಾಡ್ತಾರೆ ಅಂತ."

ನೀಲಮ್ಮನ ಮುಖ ಬಿಸಿಯಾಯಿತು. ಯಾರಿಗೂ ಗೊತ್ತಿಲ್ಲವೆಂದು ಅವರು ಬಚ್ಚಿಟ್ಟುಕೊಂಡಿದ್ದು ಈ ಮನೆಯಲ್ಲಿ ಮೊದಲೇ ಗೊತ್ತಿತ್ತು. ಆಗುವುದಿಲ್ಲ ಎನ್ನಲು ಬಂದಿದ್ದವರು ಮನಸ್ಸಿನಲ್ಲೇ ಲೆಕ್ಕ ಹಾಕಿದರು.

"ನೂರು ನನ್ನ ಕೈಲಾಗಲ್ಲ ಕಣಪ್ಪ, ಸಾಲದ ಕಂತಿದೆ" ಎಂದರು ಕೊನೆಗೆ. "ಅರವತ್ತು ಇಳಿಸ್ತೀನಿ. ಪಕ್ಕದ ಕಟ್ಟಡ ಮುಗಿಯೋವರೆಗೆ ಮಾತ್ರ. ಆಮೇಲೆ ಹಳೇ ಬಾಡಿಗೆ. ಒಂದು ಕಾಗದದಲ್ಲಿ ಬರೆದು ಇಬ್ಬರೂ ಸಹಿ ಹಾಕೋಣ." ಸ್ವಲ್ಪ ತಡೆದು ಹನುಮಕ್ಕನ ಕಡೆ ತಿರುಗಿದರು. "ಮೇಲೆ ನನ್ನ ಹಿಂದಿನ ರೂಮಿಗೆ ಅಷ್ಟು ಸದ್ದು ಬರಲ್ಲ. ಹಗಲು ಅಲ್ಲಿ ಮಲಗಲಿ. ನೀನೂ ಜೊತೆಗೆ ಬಾ, ಜನ ಒಂದಕ್ಕೆರಡು ಆಡಬಾರದು."

ನಾಗರಾಜು ಎದ್ದು ನಿಂತ. "ಬರೆದುಕೊಡ್ತೀನಿ, ಅಮ್ಮ" ಎಂದ.

ಅಂದಿನಿಂದ ನೀಲಮ್ಮ ಹಾಲು ಅರ್ಧಕ್ಕಿಳಿಸಿದರು, ದೇವರಿಗೆ ಹೂ ತರುತ್ತಿದ್ದವಳಿಗೆ ಬೇಡವೆಂದರು. ಆದರೂ ಒಂದು ತಿಂಗಳ ಕಂತು ತಡವಾಗಿ, ಸಾಲ ಕೊಟ್ಟ ಸೊಸೈಟಿಯ ಗುಮಾಸ್ತನ ಮುಂದೆ ನಿಂತು ಬೇಡಿಕೊಳ್ಳಬೇಕಾಯಿತು. ನಡುವೆ ಸಿಮೆಂಟಿಲ್ಲದೆ ಪಕ್ಕದ ಕೆಲಸ ನಿಂತಾಗ, ಸದ್ದಿಲ್ಲವಲ್ಲ, ಪೂರ್ತಿ ಬಾಡಿಗೆ ಕೇಳಲೇ ಎಂದು ಬಾಗಿಲವರೆಗೆ ಹೋಗಿ ಹಿಂದಿರುಗಿದರು. ಮುಗಿಯುವವರೆಗೆ ಎಂದು ತಾವೇ ಒಪ್ಪಿದ್ದರಲ್ಲ. ಚನ್ನವೀರಪ್ಪ ಬಂದಾಗಲೆಲ್ಲ "ಬಾಡಿಗೆ ಮತ್ತೆ ಏರಿಸ್ತಾನೇನು, ನೋಡ್ತಿರಿ" ಎನ್ನುತ್ತಿದ್ದರು.

ದೀಪಾವಳಿ ಕಳೆದು ಪಕ್ಕದ ಮನೆಯ ಗೃಹಪ್ರವೇಶವಾಯಿತು. ಮುಂದಿನ ಒಂದನೇ ತಾರೀಖು ಹತ್ತಿರ ಬಂದಂತೆ ನೀಲಮ್ಮ ಸಹಿ ಹಾಕಿದ ಕಾಗದವನ್ನು ಮತ್ತೆ ಮತ್ತೆ ತೆಗೆದು ಓದಿದರು. ಹೇಗೆ ಕೇಳುವುದು? ಅವನು ಇಲ್ಲ ಎಂದರೆ? ಆ ಕಾಗದ ಹಿಡಿದು ಕೋರ್ಟಿಗೆ ಹೋಗುವವರು ಯಾರು?

ಒಂದನೇ ತಾರೀಖು ಬೆಳಿಗ್ಗೆ ನಾಗರಾಜು ತಾನೇ ಮೇಲೆ ಬಂದ.

"ಕೆಲಸ ಮುಗೀತಲ್ಲ ಅಮ್ಮ, ಹಳೇ ಬಾಡಿಗೆ ತಂದಿದೀನಿ."

ನೀಲಮ್ಮ ರಸೀದಿ ಬರೆಯಲು ಕೂತರು. ಇಷ್ಟು ತಿಂಗಳ ಅಭ್ಯಾಸದಲ್ಲಿ ಮುನ್ನೂರ ನಲವತ್ತು ಎಂದೇ ಬರೆದು ಮೊದಲನೆಯದು ಕೆಟ್ಟಿತು. ಹರಿದು ಇನ್ನೊಂದು ಬರೆದುಕೊಟ್ಟರು.