ಒಪ್ಪಿಗೆ ಪತ್ರದ ಸಾಕ್ಷಿ

ರಟ್ಟಿನ ಪೆಟ್ಟಿಗೆ ಮಾಡುವ ಆ ಕಾರ್ಖಾನೆಯಲ್ಲಿ ಅವಳನ್ನು ಎಲ್ಲರೂ ಗೋಂದಮ್ಮ ಅಂತಲೇ ಕರೆಯುತ್ತಿದ್ದರು. ಗೋಂದನ್ನು ಎಷ್ಟು ಬಿಸಿ ಮಾಡಬೇಕು, ಯಾವ ಕಾಗದ ಎಷ್ಟು ಕುಡಿಯುತ್ತದೆ ಅನ್ನುವುದು ಆ ಕಟ್ಟಡದಲ್ಲಿ ಅವಳೊಬ್ಬಳಿಗೇ ಗೊತ್ತಿತ್ತು. ಕಂಪನಿ ಭಾವನದು, ಅಂದರೆ ಅಕ್ಕನ ಗಂಡನದು. ಕಂಪನಿ ಅಂದಮೇಲೆ ಇಬ್ಬರಾದರೂ ನಿರ್ದೇಶಕರಿರಬೇಕು ಅಂತ ಕಾನೂನು ಹೇಳಿದ್ದರಿಂದ ಭಾವ ಇವಳನ್ನು ನಿರ್ದೇಶಕಿ ಮಾಡಿದರು. ನಿರ್ದೇಶನ ಕೊಡುವ ಕಷ್ಟವನ್ನು ಮಾತ್ರ ತಾವೊಬ್ಬರೇ ಹೊತ್ತುಕೊಂಡರು.

ಯಂತ್ರ ಕೊಳ್ಳಲು ಕಂಪನಿ ಸಾಲ ತೆಗೆದಾಗ ಬ್ಯಾಂಕ್ ಇಬ್ಬರ ವೈಯಕ್ತಿಕ ಜಾಮೀನನ್ನೂ ಕೇಳಿತು. ಕಂಪನಿ ಕಟ್ಟದಿದ್ದರೆ ಇವರು ಮನೆಮಠ ಮಾರಿಯಾದರೂ ಕಟ್ಟಬೇಕು, ಅಷ್ಟೇ. ಮ್ಯಾನೇಜರ್ ಕೋಣೆಯಲ್ಲಿ ಹತ್ತೊಂಬತ್ತು ಕಡೆ ಸಹಿ ಹಾಕಿಸಿಕೊಂಡರು. ಅವಳು ಎರಡನೇ ಪುಟ ಓದತೊಡಗಿದಾಗ ಭಾವ ಗಡಿಯಾರ ನೋಡಿಕೊಂಡು ನಕ್ಕರು. ಇದೆಲ್ಲ ಬರೀ ಶಾಸ್ತ್ರಕ್ಕೆ ಅಂದರು. ಬ್ಯಾಂಕಿನವರು ಶಾಸ್ತ್ರಕ್ಕಾಗಿ ಅಷ್ಟು ಕಾಗದ ಖರ್ಚು ಮಾಡುತ್ತಾರಲ್ಲ, ಎಂಥ ಧಾರಾಳಿಗಳು ಅಂದುಕೊಂಡು ಅವಳು ಸಹಿ ಹಾಕಿದಳು.

ಐದು ವರ್ಷ ಕಳೆಯಿತು. ಆಮೇಲೆ ಭಾವನಿಗೆ ಗೋಂದಿನಲ್ಲೂ ಉಳಿತಾಯ ಕಾಣಿಸಿತು. ಎಲ್ಲಿಂದಲೋ ಅಗ್ಗದ ಪುಡಿ ತರಿಸಿದರು. ಬೇಡ ಅಂತ ಅವಳು ಬರೆದುಕೊಟ್ಟಳು. ಎರಡು ಲಾರಿ ಪೆಟ್ಟಿಗೆ ದಾರಿಯಲ್ಲೇ ಬಾಯಿ ಬಿಟ್ಟು ವಾಪಸ್ ಬಂದವು. ಭಾವ ಕೆಲಸಗಾರರ ಮುಂದೆ ನಿಂತು, ಗೋಂದಿನ ಉಸ್ತುವಾರಿ ನಮ್ಮ ನಾದಿನಿಯದು ಅಂತ ಬಹಳ ದುಃಖದಿಂದ ಹೇಳಿದರು. ಅವಳು ಆ ವಾರವೇ ರಾಜೀನಾಮೆ ಕೊಟ್ಟಳು. ಅದರ ಪ್ರತಿಯನ್ನೂ, ನನ್ನನ್ನು ಜಾಮೀನಿನಿಂದ ಬಿಡಿಸಿ ಅನ್ನುವ ಪತ್ರವನ್ನೂ ಬ್ಯಾಂಕಿಗೆ ಕೊಟ್ಟು, ಸ್ವೀಕರಿಸಿದೆ ಅನ್ನುವ ಮೊಹರು ಹಾಕಿಸಿಕೊಂಡಳು. ನಿಮ್ಮ ಕೋರಿಕೆ ಪರಿಶೀಲನೆಯಲ್ಲಿದೆ ಅಂತ ಉತ್ತರ ಬಂತು. ಅದು ಇವತ್ತಿಗೂ ಪರಿಶೀಲನೆಯಲ್ಲೇ ಇದೆ.

ಅವಳು ಬೇರೆ ಊರಿನ ಕಾಗದದ ಗಿರಣಿಯಲ್ಲಿ ಕೆಲಸ ಹಿಡಿದಳು. ಒಂಟಿ ಜೀವ, ಖರ್ಚು ಕಡಿಮೆ. ಎರಡು ಕೋಣೆಯ ಒಂದು ಫ್ಲಾಟ್ ಕೊಂಡಳು. ನಾಲ್ಕು ವರ್ಷದ ನಂತರ ಆ ಫ್ಲಾಟಿನ ಬಾಗಿಲಿಗೇ ನೋಟಿಸ್ ಬಂತು. ಕಂಪನಿ ಮುಳುಗಿದೆ, ಬಾಕಿ ಪೂರ್ತಿ ಹದಿನೈದು ದಿನದಲ್ಲಿ ಕಟ್ಟಿ, ಇಲ್ಲದಿದ್ದರೆ ದಾವೆ. ಅದರಲ್ಲಿದ್ದ ಮೊತ್ತ ಅವಳು ಜಾಮೀನು ನಿಂತಿದ್ದಕ್ಕಿಂತ ಹೆಚ್ಚುಕಡಿಮೆ ಎರಡು ಪಟ್ಟು.

ಜೆರಾಕ್ಸ್ ಅಂಗಡಿಯ ಮೇಲಿನ ಮಹಡಿಯಲ್ಲಿ ಒಬ್ಬ ಹಿರಿಯ ವಕೀಲರಿದ್ದರು. ಕಕ್ಷಿದಾರರ ಆಸೆಯನ್ನು ಮೊದಲ ಹತ್ತು ನಿಮಿಷದಲ್ಲೇ ಮುಗಿಸಿಬಿಡುವುದು ಅವರ ಪದ್ಧತಿ.

ರಾಜೀನಾಮೆ ಕೊಟ್ಟಿದ್ದೀನಲ್ಲ ಅಂದಳು. ಅದು ಹುದ್ದೆಗೆ ಕೊಟ್ಟದ್ದು, ಜಾಮೀನಿಗಲ್ಲ ಅಂದರು. ಮೊದಲು ಕಂಪನಿಯಿಂದ ವಸೂಲಿ ಮಾಡಿ ಆಮೇಲೆ ನನ್ನ ಹತ್ತಿರ ಬರಲಿ ಅಂದಳು. ಬ್ಯಾಂಕಿಗೆ ಅಂಥ ಸರತಿ ಏನೂ ಇಲ್ಲ, ನೇರ ನಿಮ್ಮ ಬಾಗಿಲಿಗೇ ಬರಬಹುದು ಅಂದರು. ಸಾಲದಲ್ಲಿ ಒಂದು ಕಾಸೂ ನಾನು ಮುಟ್ಟಿಲ್ಲ ಅಂದಳು. ಮುಟ್ಟದವರನ್ನೇ ಜಾಮೀನುದಾರರು ಅನ್ನುವುದು ಅಂದರು.

ಹೀಗೆ ಅವಳನ್ನು ಪೂರ್ತಿ ನೆಲಕ್ಕಿಳಿಸಿದ ಮೇಲೆ ಕನ್ನಡಕ ಏರಿಸಿಕೊಂಡು, ನೋಟಿಸಿನ ಜೊತೆ ಬಂದಿದ್ದ ಬ್ಯಾಂಕಿನ ಕಾಗದಗಳನ್ನು ನಿಧಾನವಾಗಿ ಓದಿದರು. ಅವಳು ಕಂಪನಿ ಬಿಟ್ಟ ಎರಡನೇ ವರ್ಷ ಭಾವನೂ ಬ್ಯಾಂಕೂ ಸೇರಿ ಸಾಲದ ರೂಪವನ್ನೇ ಬದಲಾಯಿಸಿದ್ದರು. ಮೊತ್ತ ದುಪ್ಪಟ್ಟು ಮಾಡಿ, ಬಡ್ಡಿ ಏರಿಸಿ, ಹೊಸ ಒಪ್ಪಂದ ಬರೆದು, ಆ ಹಣದಲ್ಲೇ ಹಳೆ ಸಾಲದ ಖಾತೆಯನ್ನು ಪೂರ್ತಿ ತೀರಿಸಿ ಮುಚ್ಚಿದ್ದರು.

"ನೋಡಿ ಅಮ್ಮ," ಅಂದರು ವಕೀಲರು. "ನೀವು ಒಂದು ಸಾಲಕ್ಕೆ ಅಂತ ಜಾಮೀನು ನಿಂತಿರಿ. ನಿಮ್ಮನ್ನ ಕೇಳದೆ ಅವರಿಬ್ಬರೇ ಕೂತು ಆ ಸಾಲದ ಕರಾರನ್ನೇ ಬೇರೆ ಮಾಡಿಕೊಂಡ್ರೆ, ಆಮೇಲಿನದಕ್ಕೆ ನೀವು ಹೊಣೆ ಅಲ್ಲ. ಹಳೇದು ತೀರಿಹೋಗಿದೆ. ಹಾಗಾಗಿ ನಿಮ್ಮ ಮೇಲೆ ಏನೂ ಉಳಿಯೋದಿಲ್ಲ."

ಅವಳ ಮುಖ ಅರಳಿತು. ವಕೀಲರಿಗೆ ಅದು ಸರಿಬರಲಿಲ್ಲ. ನೀವು ಸಹಿ ಹಾಕಿದ ಪತ್ರದಲ್ಲಿ ಹದಿನಾಲ್ಕನೇ ಷರತ್ತು ಅಂತ ಒಂದಿದೆ, ಕಂತಿಗೆ ವಾಯಿದೆ ಕೊಡಲು ಬ್ಯಾಂಕ್ ನಿಮ್ಮನ್ನು ಕೇಳಬೇಕಾಗಿಲ್ಲ ಅನ್ನುತ್ತದೆ ಅಂದರು. ಪುಣ್ಯಕ್ಕೆ, ಮೊತ್ತ ಏರಿಸಿ ಹೊಸ ಸಾಲ ಮಾಡಬಹುದು ಅಂತ ಅದರಲ್ಲಿಲ್ಲ. ಇದು ಬ್ಯಾಂಕಿಗೂ ಗೊತ್ತಿತ್ತು. ಅದಕ್ಕೇ ಅವರು ಇನ್ನೊಂದು ಕಾಗದ ತೆಗೆದುಕೊಂಡಿದ್ದಾರೆ.

ಮೇಜಿನ ಮೇಲಿಟ್ಟರು. ಬದಲಾದ ಕರಾರಿಗೆ ಜಾಮೀನುದಾರಳಾದ ನನ್ನ ಪೂರ್ಣ ಒಪ್ಪಿಗೆ ಇದೆ ಅನ್ನುವ ಪತ್ರ. ಕೆಳಗೆ ಅವಳ ಸಹಿ. ಅದರ ಕೆಳಗೆ ಸಾಕ್ಷಿ ಅಂತ ಅಕ್ಕನ ಸಹಿ.

ಅವಳು ಅಂಥ ಪತ್ರ ಕಂಡೇ ಇರಲಿಲ್ಲ. ಆದರೆ ಆ ಸಹಿಯನ್ನು ಕಂಡಿದ್ದಳು. ಶಾಲೆಯಲ್ಲಿದ್ದಾಗ ಇವಳ ಚಿತ್ರಪುಸ್ತಕಗಳ ಮೇಲೆಲ್ಲ ಅಕ್ಕ ಇವಳ ಹೆಸರನ್ನು ಇವಳಿಗಿಂತ ಚಂದ ಬರೆದುಕೊಡುತ್ತಿದ್ದಳು. ಕೊನೆಯ ಅಕ್ಷರದ ಬಾಲವನ್ನು ಮೇಲಕ್ಕೆ ಎಳೆದು ಚುಕ್ಕೆ ಇಡುವ ಚಾಳಿ ಅಕ್ಕನದೇ.

"ಈ ಸಹಿ ನಿಮ್ಮದೇನಾ?" ಅಂತ ಕೇಳಿದರು ವಕೀಲರು.

"ಅಲ್ಲ."

"ಯಾರದ್ದು ಅಂತ ಗೊತ್ತಾ?"

ಅವಳು ಪತ್ರವನ್ನು ಅವರ ಕಡೆಗೆ ಸರಿಸಿದಳು. ವಕೀಲರು ಇನ್ನೊಂದು ಸಲ ಕೇಳಲಿಲ್ಲ. ನೀವು ಒಪ್ಪಿದ್ದಿರಿ ಅಂತ ಸಾಬೀತು ಮಾಡುವುದು ಬ್ಯಾಂಕಿನ ಕೆಲಸ, ನಾವು ಇದು ನಿಮ್ಮ ಸಹಿಯಲ್ಲ ಅಂತ ಹೇಳುತ್ತೇವೆ, ಅಷ್ಟು ಸಾಕು ಅಂದರು.

ಅಷ್ಟು ಸಾಕಾಗುವುದಿಲ್ಲ ಅಂತ ಅವಳಿಗೆ ಗೊತ್ತಿತ್ತು. ಭಾನುವಾರ ಅಕ್ಕನ ಮನೆಗೆ ಹೋದಳು. ಕಂಪನಿ ಮುಳುಗಿದ್ದರೂ ಮನೆಗೆ ಹೊಸ ಸುಣ್ಣಬಣ್ಣ ಆಗಿತ್ತು. ಮನೆ ಭಾವನದಲ್ಲ, ಮಗಳದು. ಸಾಲ ತೆಗೆಯುವುದಕ್ಕೂ ಮುಂಚೆಯೇ ಮಗಳ ಹೆಸರಿಗೆ ಬರೆದಿದ್ದರು. ಮಕ್ಕಳ ಮೇಲೆ ಅವರಿಗೆ ಅಷ್ಟು ಮುಂದಾಲೋಚನೆಯ ಪ್ರೀತಿ.

ಅಕ್ಕ ನೀರು ತಂದಿಟ್ಟು ಕಣ್ಣು ತಪ್ಪಿಸಿ ಕೂತಳು. ಮಾತಾಡಿದ್ದು ಭಾವ. ಬಹಳ ಹೊತ್ತು, ಬಹಳ ಮೃದುವಾಗಿ ಮಾತಾಡಿದರು. ಅವತ್ತು ಅವಸರವಿತ್ತಂತೆ, ಇವಳು ದೂರದೂರಲ್ಲಿದ್ದಳಂತೆ, ಕೇಳಿದ್ದರೆ ಒಪ್ಪೇ ಒಪ್ಪುತ್ತಿದ್ದಳಂತೆ. ಕಂಪನಿ ಎದ್ದು ನಿಂತಿದ್ದರೆ ಇವಳ ಪಾಲನ್ನೂ ಕೊಡುತ್ತಿದ್ದರಂತೆ. ಬಿದ್ದದ್ದರಲ್ಲಿ ಪಾಲು ಸಿಕ್ಕಿದ್ದಕ್ಕೆ ಇಷ್ಟೇಕೆ ಬೇಜಾರು ಅನ್ನುವ ಹಾಗಿತ್ತು ಅವರ ಧಾಟಿ. ಆಮೇಲೆ ಅಸಲು ವಿಷಯಕ್ಕೆ ಬಂದರು.

"ನೀನು ಸಹಿ ನನ್ನದಲ್ಲ ಅಂದ್ರೆ, ಮತ್ತೆ ಯಾರದ್ದು ಅಂತ ಕೇಳ್ತಾರಮ್ಮ. ನಿಮ್ಮಕ್ಕ ಜೈಲಿಗೆ ಹೋಗ್ತಾಳೆ. ನೀನು ಸುಮ್ಮನಿದ್ರೆ ಹೋಗೋದು ಒಂದು ಫ್ಲಾಟು. ಯೋಚನೆ ಮಾಡು."

"ನೀವು ಯೋಚನೆ ಮಾಡಿದ್ರಾ ಭಾವ, ಅಕ್ಕನ ಕೈಲಿ ಹಾಕಿಸೋ ಮುಂಚೆ?" ಅಂದಳು.

ಭಾವ ನೊಂದುಕೊಂಡರು. ನೊಂದುಕೊಳ್ಳುವುದರಲ್ಲಿ ಅವರಿಗೆ ಒಳ್ಳೆಯ ಅಭ್ಯಾಸವಿತ್ತು. ಹೊರಡುವಾಗ ಅಕ್ಕ ಗೇಟಿನವರೆಗೆ ಬಂದು, ತಂಗಿಯ ಸೆರಗಿಗಂಟಿದ್ದ ಸುಣ್ಣವನ್ನು ಬೆರಳಿಂದ ಉಜ್ಜಿ ತೆಗೆದು ಒಳಗೆ ಹೋದಳು.

ಒಂದು ವಾರ ಅವಳಿಗೆ ನಿದ್ದೆ ಹತ್ತಲಿಲ್ಲ. ಕೊನೆಗೆ ಒಂದು ತೀರ್ಮಾನ ಮಾಡಿಕೊಂಡಳು. ತನ್ನದಲ್ಲದ ಸಹಿಯನ್ನು ತನ್ನದು ಅನ್ನುವುದಿಲ್ಲ. ಯಾರದ್ದು ಅಂತಲೂ ತಾನಾಗಿ ಹೇಳುವುದಿಲ್ಲ. ಕೇಳಿದರೆ ಏನು ಮಾಡುವುದು ಅನ್ನುವುದನ್ನು ಆವತ್ತಿಗೇ ಬಿಟ್ಟಳು.

ಕಂಪನಿ, ಭಾವ, ಅವಳು, ಮೂವರ ಮೇಲೂ ಬ್ಯಾಂಕ್ ದಾವೆ ಹೂಡಿತು. ವಿಚಾರಣೆಯಲ್ಲಿ ಮೊದಲು ನಿಂತವರು ಆಗಿನ ಮ್ಯಾನೇಜರ್. ಒಪ್ಪಿಗೆ ಪತ್ರದ ಮೇಲೆ "ನನ್ನ ಸಮ್ಮುಖದಲ್ಲಿ ಸಹಿ ಮಾಡಿದ್ದು" ಅನ್ನುವ ಅವರ ಮೊಹರಿತ್ತು. ಅವಳ ವಕೀಲರು ಆ ಸಮ್ಮುಖ ಎಲ್ಲಿತ್ತು ಅಂತ ಕೇಳಿದರು. ಮ್ಯಾನೇಜರ್ ಒಂದಿಷ್ಟು ನೀರು ಕುಡಿದ ಮೇಲೆ, ಪತ್ರವನ್ನು ಭಾವ ಫೈಲಿನಲ್ಲಿಟ್ಟು ತಂದುಕೊಟ್ಟರು, ನಾನು ನಂಬಿ ಮೊಹರು ಒತ್ತಿದೆ ಅಂತ ಒಪ್ಪಿಕೊಂಡರು. ಈಯಮ್ಮ ಕಂಪನಿ ಬಿಟ್ಟಿರುವ ಪತ್ರ ಅದೇ ಫೈಲಿನಲ್ಲಿತ್ತಲ್ಲ ಅಂದದ್ದಕ್ಕೆ, ಅದು ಪರಿಶೀಲನೆಯಲ್ಲಿತ್ತು ಅಂದರು.

ಬ್ಯಾಂಕಿನ ವಕೀಲರು ಲೆಕ್ಕ ಹಾಕಿದರು. ಸಮ್ಮುಖ ಹೋಯಿತು, ಸಾಕ್ಷಿಯಾದರೂ ಇದ್ದಾಳಲ್ಲ. ಗಂಡನ ಸಾಲಕ್ಕೆ ಸಾಕ್ಷಿ ಹಾಕಿದ ಹೆಂಡತಿ, ಗಂಡನ ಮಾತು ಮೀರುವಳೇ ಅಂತ ಧೈರ್ಯವಾಗಿ ಅಕ್ಕನಿಗೆ ಸಮನ್ಸ್ ಕಳಿಸಿದರು. ಭಾವ ಅವಳನ್ನು ಕಾರಿನಲ್ಲಿ ಕೂರಿಸಿಕೊಂಡು ಬಂದರು. ದಾರಿಯುದ್ದಕ್ಕೂ ಏನು ಹೇಳಬೇಕು ಅಂತ ಪಾಠ ಮಾಡಿರಬೇಕು, ಇಳಿಯುವಾಗ ಅವರ ಗಂಟಲು ಕಟ್ಟಿತ್ತು.

ಅಕ್ಕ ಕಟಕಟೆಯಲ್ಲಿ ನಿಂತಳು. ಐವತ್ತೆಂಟು ವರ್ಷದ ಹೆಂಗಸು, ಗಂಡನನ್ನು ಕೇಳದೆ ತರಕಾರಿಯನ್ನೂ ಕೊಂಡವಳಲ್ಲ. ಬ್ಯಾಂಕಿನ ವಕೀಲರು ಪತ್ರ ತೋರಿಸಿ, ಸಾಕ್ಷಿಯ ಸಹಿ ನಿಮ್ಮದೇ ತಾನೇ ಅಂದರು. ಹೌದು ಅಂದಳು. ಗೋಂದಮ್ಮ ತಲೆ ತಗ್ಗಿಸಿ ಕೂತಳು.

"ಹಾಗಾದ್ರೆ ಜಾಮೀನುದಾರರು ನಿಮ್ಮ ಕಣ್ಣೆದುರೇ ಸಹಿ ಹಾಕಿದ್ರು?"

ಅಕ್ಕ ಪತ್ರವನ್ನು ವಕೀಲರ ಕೈಗೆ ವಾಪಸ್ ಕೊಟ್ಟಳು. "ಅವಳು ಅಲ್ಲಿ ಇರಲೇ ಇಲ್ಲ. ಅವಳಿಗೆ ಇದು ಗೊತ್ತೂ ಇಲ್ಲ," ಅಂದಳು. ನ್ಯಾಯಾಧೀಶರು ತಡೆದು, ನಿಮ್ಮ ಮೇಲೇ ಆಪಾದನೆ ತರುವಂಥ ಉತ್ತರವನ್ನು ನೀವು ಕೊಡಬೇಕಾಗಿಲ್ಲ ಅಂತ ಎಚ್ಚರಿಸಿದರು. ಅಕ್ಕ ತಲೆಯಾಡಿಸಿದಳು. ಆಮೇಲೂ ಹೇಳಿದಳು.

"ಎರಡೂ ಸಹಿ ನಂದೇ ಸ್ವಾಮಿ. ಇವರು ಹಾಕು ಅಂದ್ರು, ಹಾಕಿದೆ."

ಬ್ಯಾಂಕ್ ತಾನೇ ಕರೆಸಿದ ಸಾಕ್ಷಿಯಿಂದ ತನ್ನ ದಾವೆಯನ್ನು ಕೆಡವಿಸಿಕೊಂಡದ್ದು ಆ ಕೋರ್ಟಿನ ಕ್ಯಾಂಟೀನಿನಲ್ಲಿ ಒಂದು ತಿಂಗಳ ಮಾತಾಯಿತು. ತೀರ್ಪು ಚಿಕ್ಕದಾಗಿತ್ತು. ಜಾಮೀನುದಾರಳ ಒಪ್ಪಿಗೆಯಿಲ್ಲದೆ ಕರಾರಿನ ಮುಖ್ಯ ಅಂಶಗಳು ಬದಲಾಗಿವೆ, ಹಳೆ ಸಾಲ ತೀರಿದೆ, ಆದ್ದರಿಂದ ಈಕೆ ಜಾಮೀನಿನಿಂದ ಮುಕ್ತಳು. ಭಾವ, ಹಾಗಾದರೆ ನಾನೂ ಜಾಮೀನುದಾರನೇ, ನನ್ನನ್ನೂ ಬಿಡಿ ಅಂತ ವಾದಿಸಿ ನೋಡಿದರು. ಬದಲಾವಣೆ ಕೇಳಿದ್ದೇ ನೀವು, ಹೊಸ ಕರಾರಿಗೆ ನಿಮ್ಮ ಅಸಲಿ ಸಹಿಯೇ ಇದೆ ಅಂತ ನ್ಯಾಯಾಧೀಶರು ಬಿಡಿಸಿ ಹೇಳಿದರು. ಭಾವ ಮತ್ತೆ ನೊಂದುಕೊಂಡರು.

ಬ್ಯಾಂಕಿಗೆ ಸುಳ್ಳು ಸಹಿಯ ಮೇಲೆ ವಿಪರೀತ ಸಿಟ್ಟು ಬಂತು. ಮೊಹರು ಒತ್ತುವಾಗ ಬಾರದ ಸಿಟ್ಟು ಅದು. ಪೊಲೀಸರಿಗೆ ದೂರು ಹೋಯಿತು. ಗಂಡಹೆಂಡತಿ ಇಬ್ಬರೂ ಆರೋಪಿಗಳು. ಭಾವ ತಮಗೊಬ್ಬ ದೊಡ್ಡ ವಕೀಲರನ್ನು ಹಿಡಿದು, ಹೆಂಡತಿ ತನ್ನಿಷ್ಟಕ್ಕೆ ಮಾಡಿದ್ದು ಅಂತ ಹೇಳಿಕೆ ಬರೆಸಿದರು. ಅಕ್ಕನನ್ನು ಬಿಡಲು ಕೋರ್ಟ್ ಒಬ್ಬರ ಜಾಮೀನು ಕೇಳಿತು.

ಗೋಂದಮ್ಮ ರಜೆ ಹಾಕಿ, ಫ್ಲಾಟಿನ ಪತ್ರ ಹಿಡಿದು ಬಂದಳು. ಜೆರಾಕ್ಸ್ ಅಂಗಡಿಯ ಮೇಲಿನ ವಕೀಲರು, ಈಗಷ್ಟೇ ಒಂದರಿಂದ ಬಿಡಿಸಿದ್ದೇನೆ ತಾಯಿ, ಆಕೆ ಒಂದು ತಾರೀಕು ತಪ್ಪಿಸಿದರೂ ಈ ಪತ್ರದ ಮೇಲೆ ದಂಡ ಬೀಳುತ್ತದೆ ಅಂದರು. ಅವಳು ಗುಮಾಸ್ತರ ಮೇಜಿನ ಮುಂದೆ ಕೂತು ನಮೂನೆಯನ್ನು ಮೊದಲಿಂದ ಕೊನೆಯವರೆಗೆ ಓದಿದಳು. ಮಧ್ಯೆ ಎರಡು ಕಡೆ ಅರ್ಥ ಕೇಳಿದಳು. ಗುಮಾಸ್ತರು ಆಕಳಿಸಿದರು. ಓದುವವರನ್ನು ಅವರು ಹೆಚ್ಚು ಕಂಡಿರಲಿಲ್ಲ. ಆಮೇಲೆ ಸಹಿ ಹಾಕಿದಳು.

ಹೊರಗೆ ಮೆಟ್ಟಿಲ ಮೇಲೆ ಅಕ್ಕ ಚೀಲ ತಬ್ಬಿಕೊಂಡು ಕೂತಿದ್ದಳು. ಎಲ್ಲಿಗೆ ಹೋಗಬೇಕು ಅಂತ ಅವಳಿಗೆ ಗೊತ್ತಿದ್ದ ಹಾಗೆ ಕಾಣಲಿಲ್ಲ.

"ಪ್ರತಿ ತಿಂಗಳು ಹದಿನೇಳಕ್ಕೆ ಬಂದು ಸಹಿ ಹಾಕಬೇಕಂತೆ," ಅಂದಳು ತಂಗಿ. "ನಿನ್ನದೇ ಹೆಸರಲ್ಲಿ."

ಅಕ್ಕ ನಗಲೂ ಇಲ್ಲ, ಅಳಲೂ ಇಲ್ಲ. "ನನ್ನ ಹೆಸರು ಬರೆದು ಎಷ್ಟು ವರ್ಷ ಆಯ್ತೋ," ಅಂದಳು. ಆಮೇಲೆ, ನಿನ್ನ ಊರಿಗೆ ಬಸ್ಸು ಎಷ್ಟು ಹೊತ್ತಿಗೆ ಅಂತ ಕೇಳಿದಳು.