ಫೋನಿನಲ್ಲಿ ಹೇಳಿದ ನೂರು ಕೆ.ಜಿ.

ಕಲ್ಲನ್ನು ಕಣ್ಣಿಂದ ನೋಡದೆ ಅದರ ತೂಕ ಹೇಳಬಾರದು. ತಿಕೋಟಾದ ನನ್ನ ಗ್ರಾನೈಟ್ ಅಂಗಡಿಯಲ್ಲಿ ಹದಿನಾಲ್ಕು ವರ್ಷದಿಂದ ಎಲ್ಲರಿಗೂ ಈ ಬುದ್ಧಿ ಹೇಳುತ್ತ ಬಂದವಳು ನಾನೇ. ಆದರೂ ಆ ಸೋಮವಾರ ಚಹಾ ಕುಡಿಯುತ್ತ, ಕಾಲ ಮೇಲೆ ಕಾಲು ಹಾಕಿಕೊಂಡು, ಫೋನಿನಲ್ಲಿ ಹೇಳಿಬಿಟ್ಟೆ.

ಫೋನು ಮಾಡಿದವರು ವಿಜಯಪುರದ ಪ್ರಲ್ಹಾದರಾಯರು. ಬ್ಯಾಂಕಿನಲ್ಲಿ ಮ್ಯಾನೇಜರ್. ಅವರ ತಂದೆ ಬಬಲೇಶ್ವರದಲ್ಲಿ ಆಯುರ್ವೇದ ಔಷಧದ ಅಂಗಡಿ ಇಟ್ಟಿದ್ದರು. ಈಗ ತಮ್ಮ ಧೀರೇಂದ್ರ ನಡೆಸುತ್ತಾನೆ. ಹಳೆಯ ಅಂಗಡಿ ಕೆಡವಿ ಹೊಸದು ಕಟ್ಟುವವರಿದ್ದಾರೆ. ಅಲ್ಲಿಯ ಕೌಂಟರಿನ ಕಲ್ಲನ್ನು ತೆಗೆದು ವಿಜಯಪುರದ ತಮ್ಮ ಮನೆಗೆ, ಎರಡನೇ ಮಹಡಿಯ ಅಡುಗೆಮನೆಗೆ ಹಾಕಿಕೊಡಬೇಕು ಎಂದರು.

"ಹತ್ತು ಫೂಟು ಉದ್ದ, ಎರಡು ಫೂಟು ಅಗಲ ಅದರಿ. ಮಹಡಿ ಹತ್ತೂ ನಮ್ಮ ಜಿನಿಗಿ ಸಣ್ಣದು, ತಿರುವಿನ್ಯಾಗ ನಾಲ್ಕು ಮಂದಿಗಿಂತ ಹೆಚ್ಚು ಹಿಡಿಯೂದಿಲ್ಲ. ನಾಲ್ಕು ಮಂದಿ ಎತ್ತತಾರೇನು?"

"ಇಪ್ಪತ್ತು ಚದರ ಫೂಟು. ಫೂಟಿಗೆ ಐದು ಕೆ.ಜಿ. ಹಿಡೀರಿ, ನೂರು ಕೆ.ಜಿ. ಆತು. ನಾಲ್ಕು ಮಂದಿ ಆರಾಮ ಎತ್ತತಾರ" ಎಂದು ಹೇಳಿ ಫೋನಿಟ್ಟೆ. ನನ್ನ ಲೆಕ್ಕದ ವೇಗಕ್ಕೆ ನಾನೇ ಸ್ವಲ್ಪ ಉಬ್ಬಿದೆ ಎಂಬುದನ್ನೂ ಒಪ್ಪಿಕೊಂಡುಬಿಡುತ್ತೇನೆ.

ಬುಧವಾರ ಮುತ್ತು ಮತ್ತು ಅವನ ಮೂವರು ಜೊತೆಗಾರರನ್ನು ಗಾಡಿಯಲ್ಲಿ ಕೂಡಿಸಿಕೊಂಡು ಬಬಲೇಶ್ವರಕ್ಕೆ ಹೋದೆ. ಮುತ್ತು ನನ್ನ ಅಂಗಡಿಯ ಕಲ್ಲು ಹೊರುವವರ ಮುಖ್ಯಸ್ಥ. ಹೋದ ವರ್ಷ ಯಾರೋ ತಪ್ಪು ತೂಕ ಹೇಳಿದ್ದಕ್ಕೆ ಅವನ ಸೊಂಟ ಹಿಡಿದು ಎರಡು ತಿಂಗಳು ಮನೆಯಲ್ಲಿ ಮಲಗಿದ್ದ. ಅಂದಿನಿಂದ ನಮ್ಮಲ್ಲಿ ಒಂದು ಪದ್ಧತಿ: ಪ್ರತಿ ಕಲ್ಲಿನ ಬೆನ್ನ ಮೇಲೆ ಸೀಮೆಸುಣ್ಣದಿಂದ ತೂಕ ಬರೆಯಬೇಕು, ಬರೆಯದ ಕಲ್ಲನ್ನು ಯಾರೂ ಮುಟ್ಟಬಾರದು.

ಅಂಗಡಿಯೊಳಗೆ ಕಾಲಿಟ್ಟಾಗ ಅಣ್ಣ ತಮ್ಮ ಇಬ್ಬರೂ ಆಗಲೇ ಮುಖ ತಿರುಗಿಸಿಕೊಂಡು ನಿಂತಿದ್ದರು. ನಡುವೆ ಸ್ಟೂಲಿನ ಮೇಲೆ ಅವರ ತಾಯಿ ಜಾನಕೀಬಾಯಿ. ಎಂಬತ್ತು ದಾಟಿದ ಜೀವ, ಆದರೆ ಬೆನ್ನು ನೆಟ್ಟಗೆ.

"ಅಪ್ಪಾ ಕೂತ ಕಲ್ಲು ಅಂಗಡ್ಯಾಗ ಇರಬೇಕು, ಅಡಿಗಿಮನ್ಯಾಗಲ್ಲ" ಎಂದ ಧೀರೇಂದ್ರ.

"ಅಂಗಡಿ ನಿನಗ ಬಂತು. ನನಗ ಅಪ್ಪನ್ದು ಅಂತ ಒಂದು ಕಲ್ಲೂ ಬ್ಯಾಡೇನು?" ಎಂದರು ಪ್ರಲ್ಹಾದರಾಯರು.

"ಹಂಗಾರ ನಡುವ ಕೊಯ್ಸೂಣು. ಐದು ಫೂಟು ನಿನಗ, ಐದು ಫೂಟು ನನಗ."

ಜಾನಕೀಬಾಯಿ ಕಲ್ಲಿನ ಮೇಲೆ ಅಂಗೈ ಊರಿದರು. "ನಾ ಕಣ್ಣು ಮುಚ್ಚೂತನಕ ಇದನ್ನ ತುಂಡು ಮಾಡಬ್ಯಾಡ್ರಿ. ಇದು ತುಂಡಾತಂದ್ರ ನೀವೂ ತುಂಡಾದಂಗ. ಆಮ್ಯಾಲೆ ಹಬ್ಬಕ್ಕ ಬಂದು ನನ್ನ ಮುಂದ ಕೂಡಬ್ಯಾಡ್ರಿ."

ನನಗೆ ಇಂಥ ಮನೆಜಗಳದಲ್ಲಿ ನಿಲ್ಲುವುದೆಂದರೆ ಅಂಗಾಲಿಗೆ ಮುಳ್ಳು ಚುಚ್ಚಿದಂತೆ. ನನ್ನ ಕೆಲಸ ನೋಡೋಣವೆಂದು ಕಲ್ಲಿನ ಕಡೆ ತಿರುಗಿದೆ. ಕೆಂಪು ಗ್ರಾನೈಟ್. ನಾಲ್ಕೂ ಅಂಚಿಗೆ ಸಾಗುವಾನಿ ಪಟ್ಟಿ ಹೊಡೆದು ಮುಚ್ಚಿದ್ದಾರೆ. ನಡುವೆ ಒಂದು ಕಡೆ ಅಂಗೈಯಗಲ ಹೊಳಪು ಮಾಸಿದೆ. ಇವರ ತಂದೆ ನಲವತ್ತು ವರ್ಷ ಅಲ್ಲೇ ಚೂರ್ಣ ಸುರಿದು ಪೊಟ್ಟಣ ಕಟ್ಟುತ್ತಿದ್ದರಂತೆ. ಅದರ ಪಕ್ಕ ಕೆಳಗಿನ ಹಣದ ಗಲ್ಲೆಗೆ ನಾಣ್ಯ ಬೀಳಿಸಲು ಕೊರೆದ ಉದ್ದನೆಯ ಸೀಳು.

ಮುತ್ತು ನನ್ನ ಮುಖ ನೋಡಿದ. ನಾನು ಧೈರ್ಯವಾಗಿ ಕಲ್ಲಿನ ಮೇಲೆ '೧೦೦' ಎಂದು ಬರೆದೆ. ಅವನು ಪಟ್ಟಿಯ ಕೆಳಗೆ ಕಬ್ಬಿಣದ ಸಬ್ಬಲ್ ತುದಿ ಹಾಕಿ ಒಂದು ಮೂಲೆಯನ್ನು ಮೆಲ್ಲಗೆ ಮೀಟಿದ. ಅಲ್ಲಾಡಲಿಲ್ಲ. ಇನ್ನಷ್ಟು ಮೈಭಾರ ಬಿಟ್ಟ. ಕೂದಲೆಳೆಯಷ್ಟು ಎದ್ದು ಮತ್ತೆ ಕೂತಿತು.

"ಅಕ್ಕಾರ, ಇದು ನೂರು ಕೆ.ಜಿ. ಅಲ್ಲರಿ" ಎಂದು ಸಬ್ಬಲ್ ಕೆಳಗಿಟ್ಟ. "ನನ್ನ ಸೊಂಟ ಹೇಳಾಕತ್ತೈತಿ."

ಎಲ್ಲರೆದುರು ಹಾಗೆ ಅನ್ನಿಸಿಕೊಂಡದ್ದಕ್ಕೆ ನನ್ನ ಕಿವಿ ಬಿಸಿಯಾದವು. ಸಿಟ್ಟು ಬಂದದ್ದು ಮುತ್ತುವಿನ ಮೇಲಲ್ಲ, ಸೋಮವಾರದ ಆ ಚಹಾದ ಮೇಲೆ. ಈಗ ಅಡುಗೆಮನೆಗೆ ಬರುವ ಕಲ್ಲೆಲ್ಲ ಹೆಚ್ಚುಕಡಿಮೆ ಇಪ್ಪತ್ತು ಮಿಲಿಮೀಟರ್ ದಪ್ಪ. ಫೂಟಿಗೆ ಐದು ಕೆ.ಜಿ. ಎಂಬುದು ಆ ದಪ್ಪಕ್ಕೆ ಮಾತ್ರ ಸರಿ. ಐವತ್ತು ವರ್ಷದ ಹಿಂದಿನ ಕಲ್ಲಿಗೆ ಈಗಿನ ದಪ್ಪದ ಅಂಗಿ ತೊಡಿಸಿದ್ದೆ ನಾನು.

ದಪ್ಪ ಅಳೆಯಬೇಕು, ಆದರೆ ಅಂಚೆಲ್ಲ ಕಟ್ಟಿಗೆಯಿಂದ ಮುಚ್ಚಿದೆ. ಗಲ್ಲೆಯ ಡ್ರಾಯರ್ ಉಬ್ಬಿ ಸಿಕ್ಕಿಕೊಂಡು ಎಷ್ಟೋ ವರ್ಷವಾಗಿದೆ. ನನ್ನ ಕಣ್ಣು ನಾಣ್ಯದ ಸೀಳಿನ ಮೇಲೆ ಬಿತ್ತು. ಧೀರೇಂದ್ರನಿಂದ ಒಂದು ತುಂಡು ತಂತಿ ಇಸಿದುಕೊಂಡು ತುದಿಯನ್ನು ಕೊಕ್ಕೆಯಂತೆ ಬಾಗಿಸಿದೆ. ಸೀಳಿನೊಳಗೆ ಇಳಿಬಿಟ್ಟು ಕೊಕ್ಕೆಯನ್ನು ಕಲ್ಲಿನ ತಳಕ್ಕೆ ಸಿಕ್ಕಿಸಿ ಮೇಲಕ್ಕೆ ಜಗ್ಗಿದೆ. ಕಲ್ಲಿನ ಮೇಲ್ಮೈಗೆ ಸಮನಾಗಿ ತಂತಿಯನ್ನು ಉಗುರಿನಿಂದ ಒತ್ತಿ ಹಿಡಿದು, ಬಿಡದೆ ಹೊರಗೆ ತೆಗೆದು ಟೇಪಿಗೆ ಹಚ್ಚಿದೆ. ಐವತ್ತು ಮಿಲಿಮೀಟರ್. ಇನ್ನೆರಡು ಸಲ ಅಳೆದೆ. ಐವತ್ತೇ.

"ರಾಯರ, ನನ್ನ ತಪ್ಪು" ಎಂದೆ. "ನೋಡದ ಹೇಳಿಬಿಟ್ಟೆ."

ಪ್ರಲ್ಹಾದರಾಯರಿಗೆ ಲೆಕ್ಕ ಬೇಕಿತ್ತು, ಬ್ಯಾಂಕಿನವರಲ್ಲವೇ. ನೆಲದ ಮೇಲೆ ಸೀಮೆಸುಣ್ಣದಿಂದ ಬರೆದು ತೋರಿಸಿದೆ. ಒಂದು ಲೀಟರ್ ನೀರು ಒಂದು ಕೆ.ಜಿ. ತೂಗಿದರೆ ಅಷ್ಟೇ ಗಾತ್ರದ ಇಂಥ ಗ್ರಾನೈಟ್ ಸುಮಾರು ಎರಡು ಕೆ.ಜಿ. ಏಳುನೂರು ಗ್ರಾಂ ತೂಗುತ್ತದೆ. ಒಂದು ಚದರ ಫೂಟು, ಐದು ಸೆಂಟಿಮೀಟರ್ ದಪ್ಪದ ಕಲ್ಲಿನ ಗಾತ್ರ ನಾಲ್ಕೂವರೆ ಲೀಟರಿಗಿಂತ ಸ್ವಲ್ಪ ಹೆಚ್ಚು. ಅದನ್ನು ಎರಡು ಪಾಯಿಂಟ್ ಏಳರಿಂದ ಗುಣಿಸಿದರೆ ಹನ್ನೆರಡೂವರೆ ಕೆ.ಜಿ. ಅಂಥ ಇಪ್ಪತ್ತು ಫೂಟು.

"ಎರಡು ನೂರಾ ಐವತ್ತು!" ಎಂದರು ರಾಯರು.

"ನಾಲ್ಕು ಮಂದಿಗೆ ಹಂಚಿದ್ರ ತಲಿಗೆ ಅರವತ್ತರ ಮ್ಯಾಲೆ. ಅದೂ ಜಿನಿಗಿ ತಿರುವಿನ್ಯಾಗ. ಒಬ್ಬಾತನ ಕಾಲು ಜಾರಿದ್ರ ಉಳಿದ ಮೂವರ ಮ್ಯಾಲ ಕಲ್ಲು. ನಾ ಕಳಸೂದಿಲ್ಲ."

ಧೀರೇಂದ್ರನ ಮುಖ ಅರಳಿತು. ಅಂದರೆ ಕಲ್ಲು ಅಂಗಡಿಯಲ್ಲೇ ಉಳಿಯಿತಲ್ಲ! ಪ್ರಲ್ಹಾದರಾಯರು ಹೊಳಪು ಮಾಸಿದ ಆ ಜಾಗವನ್ನು ಬೆರಳಿನಿಂದ ಸವರಿದರು. ದೊಡ್ಡ ಹುದ್ದೆಯ ಮನುಷ್ಯ, ಕಣ್ಣು ತುಂಬಿದ್ದವು. ಜಾನಕೀಬಾಯಿ ಒಮ್ಮೆ ಈ ಮಗನನ್ನು, ಒಮ್ಮೆ ಆ ಮಗನನ್ನು ನೋಡಿದರು. ನನಗೆ ಸಂಕಟವಾಯಿತು.

ಆಗ ಕಣ್ಣು ನೆಲದ ಮೇಲಿನ ನನ್ನದೇ ಅಂಕಿಗಳ ಮೇಲೆ ನಿಂತಿತು. ಐವತ್ತು ಮಿಲಿಮೀಟರ್. ಈಗಿನ ಕಲ್ಲು ಇಪ್ಪತ್ತು. ಎರಡು ಇಪ್ಪತ್ತು ನಲವತ್ತು. ಹತ್ತು ಇನ್ನೂ ಉಳಿಯುತ್ತದೆ!

"ಬಾಯಾರ" ಎಂದೆ. "ತುಂಡು ಮಾಡೂದು ಬ್ಯಾಡ. ಉದ್ದ ಹತ್ತು ಫೂಟ ಇರತೈತಿ, ಅಗಲ ಎರಡು ಫೂಟ ಇರತೈತಿ. ದಪ್ಪದಾಗ ಸೀಳೂಣು. ಒಂದರ ಹೊಟ್ಟ್ಯಾಗಿಂದ ಎರಡು ಕಲ್ಲು ಬರತಾವ."

ನಮ್ಮ ತಿಕೋಟಾದ ರಸ್ತೆಯಲ್ಲೇ ಯುನುಸನ ಕಟಿಂಗ್ ಫ್ಯಾಕ್ಟರಿ ಇದೆ. ಫೋನು ಹಚ್ಚಿ ಎಲ್ಲರಿಗೂ ಕೇಳುವಂತೆ ಸ್ಪೀಕರ್ ಹಾಕಿ ಕಲ್ಲಿನ ಅಳತೆ, ನಾಣ್ಯದ ಸೀಳು ಎಲ್ಲ ಹೇಳಿದೆ.

"ನನ್ನ ಬ್ಲೇಡು ಎಂಟು ಮಿಲಿಮೀಟರ್ ತಿಂತೈತಿ ಅಕ್ಕಾ" ಎಂದ ಯುನುಸ. "ಉಳಿದದ್ದು ನಲವತ್ತೆರಡು. ಇಪ್ಪತ್ತೊಂದು, ಇಪ್ಪತ್ತೊಂದು. ಕೊಯ್ದ ಮುಖಕ್ಕ ಪಾಲಿಶ್ ಹೊಡಿಯೂದ್ರಾಗ ಒಂದೊಂದು ಹೋಗತೈತಿ. ಇಪ್ಪತ್ತರ ಎರಡು ಕಲ್ಲು ಕೊಡತೇನಿ. ಆದ್ರ ಸೀಳು ಐತೆಂದಿ, ಅಲ್ಲಿ ಬಿರುಕು ಬರಬಾರದು. ನಿಂದರಿಸಿಕೊಂಡು ತಗೊಂಡು ಬಾ, ಮಲಗಿಸಬ್ಯಾಡ."

ಕಲ್ಲನ್ನು ಯಾವಾಗಲೂ ಅಂಚಿನ ಮೇಲೆ ನಿಲ್ಲಿಸಿಯೇ ಒಯ್ಯಬೇಕು. ಮಲಗಿಸಿ ಎತ್ತಿದರೆ ತನ್ನ ಭಾರಕ್ಕೆ ತಾನೇ ಮುರಿಯುತ್ತದೆ. ನಾನು '೧೦೦' ಅಳಿಸಿ '೨೫೦' ಬರೆದೆ. ಸಾರವಾಡದಿಂದ ಇನ್ನೂ ನಾಲ್ವರನ್ನು ಕರೆಸಿದೆ. ಬೀದಿಯ ಮಟ್ಟದ ಅಂಗಡಿ, ಬಾಗಿಲು ದೊಡ್ಡದು. ಎಂಟು ಮಂದಿ ಸಾಗುವಾನಿ ಪಟ್ಟಿ ಕಿತ್ತು, ಹೊರುವ ಬೆಲ್ಟು ಹಾಕಿ ಎತ್ತಿ ಗಾಡಿಯ ಚೌಕಟ್ಟಿಗೆ ಆನಿಸಿ ನಿಲ್ಲಿಸಿದರು. ಮುತ್ತು ಈ ಸಲ ನನ್ನ ಮುಖ ನೋಡಲಿಲ್ಲ, ಅಂಕಿ ನೋಡಿದ.

ಫ್ಯಾಕ್ಟರಿಗೆ ತಾಯಿ ಮಕ್ಕಳೂ ಬಂದರು. ಯುನುಸ ಅದನ್ನು ಇನ್ನೊಂದು ದಪ್ಪ ಕಲ್ಲಿಗೆ ಭದ್ರವಾಗಿ ಆನಿಸಿದ. ಆಳೆತ್ತರದ ಚಕ್ರ ನೀರು ಕಾರುತ್ತ ಮೇಲಿನ ಅಂಚಿನಿಂದ ಸ್ವಲ್ಪಸ್ವಲ್ಪವೇ ಇಳಿಯಿತು. ಮಧ್ಯಾಹ್ನದಿಂದ ಸಂಜೆಯವರೆಗೆ ಜಾನಕೀಬಾಯಿ ಕುರ್ಚಿಯಿಂದ ಏಳಲಿಲ್ಲ. ಅಣ್ಣ ತಮ್ಮ ಅವರ ಎರಡೂ ಬದಿಗೆ ನಿಂತಿದ್ದರು. ಚಕ್ರ ನಾಣ್ಯದ ಸೀಳಿನ ಹತ್ತಿರ ಬಂದಾಗ ನಾನೂ ಕಿವಿಗೊಟ್ಟು ನಿಂತೆ. ಸದ್ದು ಬದಲಾಗಲಿಲ್ಲ. ದಾಟಿ ಹೋಯಿತು.

ಮೂರನೇ ದಿನ ಪಾಲಿಶ್ ಮುಗಿದು ಎರಡೂ ಕಲ್ಲು ಅಕ್ಕಪಕ್ಕ ನಿಂತವು. ಒಂದೇ ಉದ್ದ, ಒಂದೇ ಅಗಲ. ಎರಡರಲ್ಲೂ ನಾಣ್ಯದ ಸೀಳು. ನನ್ನ ಖುಷಿ ಹೇಳತೀರದು. ಆದರೆ ಮರುಗಳಿಗೆಯೇ ಜಗಳ ಮತ್ತೆ ಹೊತ್ತಿಕೊಂಡಿತು. ಅಪ್ಪನ ಕೈಯಿಂದ ಹೊಳಪು ಮಾಸಿದ ಮುಖ ಒಂದೇ ಕಲ್ಲಿಗೆ ಇತ್ತು, ಮೇಲಿನದಕ್ಕೆ.

"ಮ್ಯಾಲಿಂದು ಅಂಗಡಿಗೆ" ಎಂದ ಧೀರೇಂದ್ರ.

"ನಾ ಹಿರಿಯಾಂವ, ಮ್ಯಾಲಿಂದು ನನಗ" ಎಂದರು ಪ್ರಲ್ಹಾದರಾಯರು.

ಇವರಿಬ್ಬರ ತಲೆಯನ್ನೂ ಯುನುಸನ ಚಕ್ರಕ್ಕೆ ಹಿಡಿಯಬೇಕೆನಿಸಿತು ನನಗೆ. ಜಾನಕೀಬಾಯಿ ಎದ್ದು ಬಂದರು. ಮೇಲಿನ ಕಲ್ಲು ಮುಟ್ಟಿದರು, ಆಮೇಲೆ ಕೆಳಗಿನದರ ಒರಟು ಬೆನ್ನನ್ನು ಮುಟ್ಟಿದರು.

"ಮ್ಯಾಲಿನ ಕಲ್ಲು ನಿಮ್ಮಪ್ಪನ ಕೈ ಕಂಡದ, ಖರೆ. ಆದ್ರ ಐವತ್ತು ವರ್ಷ ಅದರ ಭಾರ ಹೊತ್ತು ಕತ್ತಲದಾಗ ಕೂತದ್ದು ಈ ಕೆಳಗಿಂದು. ಹಿರಿಯಾಂವ ಅಂತೀಯಲ್ಲೋ ಪ್ರಲ್ಹಾದಾ, ಹಿರಿಯಾಂವ ಯಾವುದು ತಗೋಬೇಕು, ನೀನ ಹೇಳು."

ಪ್ರಲ್ಹಾದರಾಯರು ತಾಯಿಯ ಮುಖ ನೋಡಿದರು. ಆಮೇಲೆ ಹೋಗಿ ಕೆಳಗಿನ ಕಲ್ಲಿನ ಪಕ್ಕ ನಿಂತರು. ಧೀರೇಂದ್ರ "ಅಣ್ಣಾ" ಎನ್ನುತ್ತ ಬಂದು ಅವರ ಕೈ ಹಿಡಿದ.

ನಾನು ಕ್ಯಾಲಿಪರ್ ಹಿಡಿದು ಆ ಕೆಳಗಿನ ಕಲ್ಲಿನ ಅಂಚಿಗೆ ನಾಲ್ಕು ಕಡೆ ದಪ್ಪ ಅಳೆದೆ. ಎಲ್ಲ ಕಡೆ ಇಪ್ಪತ್ತು. ಕಲ್ಲಿನ ಬೆನ್ನ ಮೇಲೆ ತೂಕ ಬರೆದೆ. ನಾಲ್ಕು ಮಂದಿ ಎತ್ತಿ ಗಾಡಿಗಿಟ್ಟರು. ವಿಜಯಪುರದಲ್ಲಿ ಜಿನಿಗಿಯ ತಿರುವು ದಾಟುವಾಗ ಮೇಲಿನ ಮೆಟ್ಟಿಲ ಮೇಲೆ ಜಾನಕೀಬಾಯಿ, ಅವರ ತೋಳು ಹಿಡಿದುಕೊಂಡು ಇಬ್ಬರೂ ಮಕ್ಕಳು ನಿಂತಿದ್ದರು. ಮುತ್ತು ಕಲ್ಲು ಇಳಿಸಿ, ಸೊಂಟದ ಮೇಲೆ ಕೈ ಇಟ್ಟುಕೊಂಡು ನನ್ನ ಕಡೆ ತಿರುಗಿ ನಕ್ಕ.

"ಅಕ್ಕಾರ, ಸೋಮವಾರ ಫೋನಿನ್ಯಾಗ ಎಷ್ಟು ಹೇಳಿದ್ರಿ?"

"ನೂರು" ಎಂದೆ.

"ಇದು ನೂರ ಐತ್ರಿ."